ಎಚ್‌ಪಿಎಲ್‌ಸಿ ಬಲ್ಲವರು ಕೋಡಿಂಗ್ ಕಲಿತರೆ

ಪ್ರಶ್ನೆ: ಎಂ.ಎಸ್ಸಿ. ಬಯೋಟೆಕ್ನಾಲಜಿ ಮುಗಿಸಿ, ಎರಡು ವರ್ಷದಿಂದ ದಾವಣಗೆರೆಯ ಒಂದು ಲ್ಯಾಬ್‌ನಲ್ಲಿ ರಕ್ತದ ಹಿಮೋಗ್ಲೋಬಿನ್ ವಿಧಗಳನ್ನು ಬಿಡಿಸಿ ಅಳೆಯುವ ಎಚ್‌ಪಿಎಲ್‌ಸಿ ಮೆಷಿನ್ ನೋಡಿಕೊಳ್ಳುತ್ತಿದ್ದೇನೆ. ಥಲಸ್ಸೀಮಿಯಾ ಅನ್ನುವ ಆನುವಂಶಿಕ ರಕ್ತದ ಕಾಯಿಲೆಯ ಸ್ಕ್ರೀನಿಂಗ್ ಸ್ಯಾಂಪಲ್‌ಗಳೇ ಜಾಸ್ತಿ. ಸಂಬಳ ಅಷ್ಟಕ್ಕಷ್ಟೇ. ಸಾಫ್ಟ್‌ವೇರ್‌ನಲ್ಲಿರುವ ಅಣ್ಣ, "ಬಯಾಲಜಿ ಬಿಟ್ಟುಬಿಡು, ಒಂದೂವರೆ ಲಕ್ಷ ಕಟ್ಟಿ ಡೇಟಾ ಸೈನ್ಸ್ ಕೋರ್ಸ್ ಸೇರು" ಅಂತಾನೆ. ನಮ್ಮ ಮೇಡಂ, "ಎರಡನ್ನೂ ಸೇರಿಸು, ಅಂಥವರು ಕಡಿಮೆ" ಅಂತಾರೆ. ಎರಡು ದೋಣಿ ಮೇಲೆ ಕಾಲಿಟ್ಟ ಹಾಗಾಗಿ ಎರಡೂ ಅರ್ಧಂಬರ್ಧ ಆಗಿಬಿಟ್ಟರೆ? ಏನು ಕಲಿಯಲಿ, ಎಷ್ಟು ಕಲಿಯಲಿ?

ಉತ್ತರ: ಆ ಒಂದೂವರೆ ಲಕ್ಷ ಸದ್ಯಕ್ಕೆ ಬ್ಯಾಂಕಿನಲ್ಲೇ ಇರಲಿ. ಅಂಥ ಕೋರ್ಸ್‌ಗಳಲ್ಲಿ ಮನೆ ಬೆಲೆ ಊಹಿಸುವುದು, ಗ್ರಾಹಕರ ಪಟ್ಟಿ ವಿಂಗಡಿಸುವುದು ಕಲಿಸುತ್ತಾರೆ. ಅದನ್ನು ಮುಗಿಸಿ ಹೊರಬಂದರೆ ಎಂಜಿನಿಯರಿಂಗ್ ಓದಿದವರ ಉದ್ದನೆಯ ಸಾಲಿನ ಕೊನೆಯಲ್ಲಿ ನಿಲ್ಲುತ್ತೀರಿ. ದಿನಾ ಎಚ್‌ಬಿ ಎ2 ಅನ್ನುವ ಹಿಮೋಗ್ಲೋಬಿನ್ನಿನ ಪ್ರಮಾಣ ನೋಡುವ ನಿಮ್ಮ ಕಣ್ಣಿಗೆ ಆ ಸಾಲಿನಲ್ಲಿ ಬೆಲೆಯೇ ಇಲ್ಲ.

ನಿಮ್ಮ ಮೇಡಂ ಹೇಳಿದ್ದು ಸರಿ, ಆದರೆ ಅರ್ಧ ಮಾತ್ರ. ಬಯಾಲಜಿಯೂ ಗೊತ್ತು, ಪೈಥಾನೂ ಗೊತ್ತು ಅನ್ನುವವರು ಈಗ ಬೇಕಾದಷ್ಟು ಜನ ಇದ್ದಾರೆ. ಬಯೋಡೇಟಾದಲ್ಲಿ ಎರಡನ್ನೂ ಬರೆದುಕೊಂಡರೆ ಯಾರೂ ತಿರುಗಿ ನೋಡುವುದಿಲ್ಲ. ಕಂಪ್ಯೂಟರ್‌ನವರ ಕಣ್ಣಿಗೂ ಬೀಳದ, ಲ್ಯಾಬ್‌ನವರ ಕಣ್ಣಿಗೂ ಬೀಳದ ತಪ್ಪುಗಳು ಕೆಲವಿವೆ. ಅವನ್ನು ಹಿಡಿಯುವವರು ನಿಜಕ್ಕೂ ಕಡಿಮೆ. ಅಂಥ ತಪ್ಪುಗಳು ಎಲ್ಲೆಲ್ಲೂ ಇರುವುದಿಲ್ಲ, ಒಂದೊಂದು ಕಡೆ ಗುಂಪಾಗಿರುತ್ತವೆ. ನಿಮ್ಮ ಅದೃಷ್ಟಕ್ಕೆ ಅಂಥದೊಂದು ಜಾಗ ನಿಮ್ಮ ಮೆಷಿನ್ನಿನ ಪಕ್ಕದಲ್ಲೇ ಇದೆ.

ಒಂದೇ ಒಂದು ಅಕ್ಷರವನ್ನು ಹಿಡಿದು ತೋರಿಸುತ್ತೇನೆ.

ಬೀಟಾ ಥಲಸ್ಸೀಮಿಯಾಕ್ಕೆ ಕಾರಣವಾಗುವ ಬದಲಾವಣೆಗಳು ನೂರಾರು. ಭಾರತದಲ್ಲಿ ಅತಿ ಹೆಚ್ಚು ಸಿಗುವುದು ಐವಿಎಸ್ ಒನ್-ಫೈವ್ ಅನ್ನುವುದು, ನೀವು ಹೆಸರು ಕೇಳಿರುತ್ತೀರಿ. ಬೀಟಾ ಗ್ಲೋಬಿನ್ ಜೀನ್‌ನಲ್ಲಿ ಉಳಿಯುವ ಭಾಗಗಳಾದ ಮೂರು ಎಕ್ಸಾನ್, ನಡುವೆ ಎರಡು ಇಂಟ್ರಾನ್. ಮೊದಲ ಇಂಟ್ರಾನ್ 130 ಅಕ್ಷರ ಉದ್ದ. ಅದರ ಐದನೇ ಅಕ್ಷರ ಜಿ ಇರಬೇಕಾದ ಕಡೆ ಸಿ ಬಂದಿರುತ್ತದೆ. ಇಂಟ್ರಾನ್ ಹೇಗಿದ್ದರೂ ಕತ್ತರಿಸಿ ಎಸೆಯುವ ಭಾಗ ತಾನೆ, ಅದರಲ್ಲಿ ಒಂದಕ್ಷರ ಬದಲಾದರೆ ಏನು? ತೊಂದರೆ ಅಲ್ಲೇ ಇರುವುದು. ಎಲ್ಲಿ ಕತ್ತರಿಸಬೇಕು ಅನ್ನುವ ಗುರುತು ಆ ಅಂಚಿನ ಅಕ್ಷರಗಳಲ್ಲೇ ಇದೆ. ಗುರುತು ಮಾಸಿದರೆ ಕತ್ತರಿ ಪಕ್ಕದ ಸುಳ್ಳು ಗುರುತುಗಳ ಮೇಲೆ ಬೀಳುತ್ತದೆ. ಸರಿಯಾದ ಎಂಆರ್‌ಎನ್‌ಎ ಸ್ವಲ್ಪವೇ ತಯಾರಾಗುತ್ತದೆ, ಬೀಟಾ ಸರಪಳಿ ಕಡಿಮೆಯಾಗುತ್ತದೆ. ಇಲ್ಲಿಂದ ಮುಂದಿನದು ನಿಮಗೆ ಗೊತ್ತು: ಕೆಂಪು ರಕ್ತಕಣದ ಗಾತ್ರ, ಅಂದರೆ ಎಂಸಿವಿ ಇಳಿಯುತ್ತದೆ, ಎಚ್‌ಬಿ ಎ2 ಶೇಕಡಾ 3.5 ದಾಟುತ್ತದೆ.

ಈಗ ಇದೇ ಅಕ್ಷರವನ್ನು ಕಂಪ್ಯೂಟರ್ ಕಡೆಯಿಂದ ನೋಡೋಣ. ಸೀಕ್ವೆನ್ಸಿಂಗ್ ಆದ ಮೇಲೆ ಕೊನೆಗೆ ಕೈಗೆ ಬರುವುದು ವಿಸಿಎಫ್ ಅನ್ನುವ ಫೈಲು. ಒಂದೊಂದು ಬದಲಾವಣೆಗೆ ಒಂದೊಂದು ಸಾಲು. ಐವಿಎಸ್ ಒನ್-ಫೈವ್ ಒಂದೇ ಪ್ರತಿಯಲ್ಲಿರುವ, ಅಂದರೆ ಕ್ಯಾರಿಯರ್ ಆದವರ ಫೈಲಿನಲ್ಲಿ ಅದು ಸುಮಾರಾಗಿ ಹೀಗಿರುತ್ತದೆ:

```
#CHROM  POS      REF  ALT  FORMAT    SAMPLE
chr11   5226925  C    G    GT:AD:DP  0/1:22,20:42
```

ಜಿ ಹೋಗಿ ಸಿ ಬಂದಿದೆ ಅಂತ ಹೇಳಿದೆ. ಫೈಲಿನಲ್ಲಿ ಸಿ ಹೋಗಿ ಜಿ ಬಂದಿದೆ. ತಪ್ಪಲ್ಲ. ಈ ಜೀನ್ ಓದುವುದು ಡಿಎನ್‌ಎಯ ಇನ್ನೊಂದು ಎಳೆಯಿಂದ, ಆದರೆ ಫೈಲು ಯಾವಾಗಲೂ ಮುಂದಿನ ಎಳೆಯ ಅಕ್ಷರವನ್ನೇ ಬರೆಯುತ್ತದೆ. ಜಿ ಎದುರಿಗೆ ಸಿ, ಸಿ ಎದುರಿಗೆ ಜಿ. ಇದು ಗೊತ್ತಿಲ್ಲದ ಪ್ರೋಗ್ರಾಮರ್ ಒಬ್ಬರು ಡಾಕ್ಟರ್ ಕೊಟ್ಟ ಪಟ್ಟಿಯನ್ನು ಹಾಗೇ ಟೈಪ್ ಮಾಡಿ `G` ಇಂದ `C` ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಎರರ್ ಕೂಡ ಬರುವುದಿಲ್ಲ. ಸುಮ್ನೆ ಖಾಲಿ.

ಉಳಿದದ್ದನ್ನೂ ಓದಿ. 42 ಅಂದರೆ ಆ ಜಾಗವನ್ನು ಮೆಷಿನ್ 42 ಸಲ ಓದಿದೆ. 22 ಸಲ ಸಿ, 20 ಸಲ ಜಿ. ಹೆಚ್ಚೂಕಡಿಮೆ ಅರ್ಧರ್ಧ, ಅಂದರೆ ಒಂದು ಪ್ರತಿ ಸರಿ, ಒಂದು ಪ್ರತಿ ಕೆಟ್ಟಿದೆ. 22, 20ರ ಬದಲು 39, 3 ಇದ್ದಿದ್ದರೆ ನಂಬಬಾರದು. ಸ್ಯಾಂಪಲ್‌ಗೆ ಇನ್ನೊಬ್ಬರದು ಬೆರೆತಿರಬಹುದು. ಅಥವಾ ಪಕ್ಕದ ಡೆಲ್ಟಾ ಗ್ಲೋಬಿನ್ ಜೀನ್‌ನ ತುಣುಕುಗಳು ಇಲ್ಲಿ ಬಂದು ಕೂತಿರಬಹುದು. ಎರಡೂ ಜೀನ್ ಅಕ್ಕ-ತಂಗಿಯರ ಹಾಗೆ, ನೋಡಲು ಬಹಳ ಹೋಲುತ್ತವೆ.

ಒಂದು ಉದಾಹರಣೆ ಕಟ್ಟಿ ನೋಡೋಣ. ಹತ್ತು ವಾರದ ಗರ್ಭಿಣಿ, ಗಂಡನ ಜೊತೆ ಬಂದಿದ್ದಾರೆ. ಹೆಂಡತಿಯ ಎಂಸಿವಿ 64, ಎಚ್‌ಬಿ ಎ2 5.2. ನೀವು ನೋಡಿದ ಕೂಡಲೇ ಕ್ಯಾರಿಯರ್ ಅಂತೀರಿ. ಗಂಡನ ಎಂಸಿವಿ 66, ಎಚ್‌ಬಿ ಎ2 3.4. ಮೆಷಿನ್ ಲೆಕ್ಕದಲ್ಲಿ ಅವರು ನಾರ್ಮಲ್. ಇಬ್ಬರ ರಕ್ತವೂ ಬೆಂಗಳೂರಿನ ಯಾವುದೋ ಸೀಕ್ವೆನ್ಸಿಂಗ್ ಲ್ಯಾಬ್‌ಗೆ ಹೋಯಿತು ಅಂದುಕೊಳ್ಳಿ. ವಾಪಸ್ ಬಂದದ್ದು: ಇಬ್ಬರಲ್ಲೂ ಏನೂ ಸಿಕ್ಕಿಲ್ಲ.

ಹೆಂಡತಿಯ ಫೈಲಿನಲ್ಲಿ ಮೇಲಿನ ಸಾಲು ಇದ್ದೇ ಇತ್ತು. ಹಾಗಾದರೆ ಹೋಯಿತೆಲ್ಲಿ? ಎಕ್ಸಾನ್ ಭಾಗಗಳನ್ನೆಲ್ಲ ಓದುವ ಎಕ್ಸೋಮ್ ಪರೀಕ್ಷೆ ಮಾಡಿದರೆ ಒಬ್ಬರಲ್ಲಿ ಹತ್ತಾರು ಸಾವಿರ ಬದಲಾವಣೆ ಸಿಗುತ್ತವೆ. ಅಷ್ಟನ್ನೂ ಯಾರೂ ಕೂತು ಓದುವುದಿಲ್ಲ. ವಿಇಪಿ ಅಂಥ ಪ್ರೋಗ್ರಾಂ ಪ್ರತಿಯೊಂದಕ್ಕೂ ಒಂದು ಹಣೆಪಟ್ಟಿ ಹಚ್ಚುತ್ತದೆ: `HIGH`, `MODERATE`, `LOW`, `MODIFIER`. ಆಮೇಲೆ ಫಿಲ್ಟರ್ ಹಾಕುವವರು `HIGH` ಮತ್ತು `MODERATE` ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತಾರೆ. ನೋಡಲು ನ್ಯಾಯವಾಗಿಯೇ ಇದೆ. ಪ್ರೋಟೀನ್ ಕೆಡಿಸುವುದು ಇರಲಿ, ಉಳಿದದ್ದು ಹೋಗಲಿ ಅಂತ. ಇಂಟ್ರಾನ್‌ನ ಮೊದಲ ಎರಡು ಅಕ್ಷರ ಕೆಟ್ಟರೆ ವಿಇಪಿ ಅದನ್ನು `HIGH` ಅನ್ನುತ್ತದೆ. ಐದನೇ ಅಕ್ಷರ ಕೆಟ್ಟರೆ `LOW`. ಹಾಗಾಗಿ ನಮ್ಮ ದೇಶದ ಅತಿ ಸಾಮಾನ್ಯ ಥಲಸ್ಸೀಮಿಯಾ ಬದಲಾವಣೆ ಆ ಫಿಲ್ಟರ್‌ನಲ್ಲಿ ಜಾರಿಹೋಗುತ್ತದೆ.

ಇಲ್ಲಿ ತಪ್ಪು ಯಾರದ್ದು ಅಂತ ಹುಡುಕಿದರೆ ಯಾರೂ ಸಿಗುವುದಿಲ್ಲ. ಫಿಲ್ಟರ್ ಬರೆದವರಿಗೆ ಎಚ್‌ಬಿ ಎ2 5.2 ಅಂದರೆ ಏನಂತ ಗೊತ್ತಿಲ್ಲ. 5.2 ನೋಡಿದವರಿಗೆ ಫಿಲ್ಟರ್ ಇದೆ ಅನ್ನುವುದೇ ಗೊತ್ತಿಲ್ಲ. ಎರಡೂ ಗೊತ್ತಿದ್ದವರು ಒಬ್ಬರು ನಡುವೆ ಕೂತಿದ್ದರೆ, "5.2 ಬಂದವರಲ್ಲಿ ಬೀಟಾ ಜೀನ್ ಖಾಲಿ ಇರುವುದು ಹೇಗೆ?" ಅಂತ ಕೇಳಿ, ಫಿಲ್ಟರ್ ಹಾಕುವ ಮುಂಚಿನ ಫೈಲನ್ನು ತೆರೆಯುತ್ತಿದ್ದರು. ಒಂದೇ ಸಾಲಿನ ಕೆಲಸ:

```
bcftools view -H -r chr11:5225000-5227500 sample.vcf.gz
```

ಇಡೀ ಬೀಟಾ ಜೀನ್ ಈ ಎರಡೂವರೆ ಸಾವಿರ ಅಕ್ಷರದೊಳಗೆ ಬರುತ್ತದೆ. ಫಿಲ್ಟರ್ ಇಲ್ಲದೆ ನೋಡಿದರೂ ಸಿಗುವುದು ಬೆರಳೆಣಿಕೆಯಷ್ಟು ಸಾಲು. ಮುಂದೆ ಹೀಗಾಗದ ಹಾಗೆ ಫಿಲ್ಟರ್‌ಗೇ ಎರಡು ಮಾತು ಸೇರಿಸಬೇಕು. ಕ್ಲಿನ್‌ವಾರ್ ಡೇಟಾಬೇಸ್‌ನಲ್ಲಿ ರೋಗಕಾರಕ ಅಂತ ದಾಖಲಾದದ್ದು ಯಾವ ಹಣೆಪಟ್ಟಿ ಹೊತ್ತಿದ್ದರೂ ಉಳಿಯಲಿ. ಎಕ್ಸಾನ್ ಅಂಚಿನಿಂದ ಎಂಟು ಹತ್ತು ಅಕ್ಷರದೊಳಗೆ ಇರುವುದನ್ನು ಮನುಷ್ಯರೇ ನೋಡಲಿ. ಕೋಡ್ ಬರೆಯುವುದು ಐದು ನಿಮಿಷ. ಏನು ಬರೆಯಬೇಕು ಅಂತ ಗೊತ್ತಿರುವುದೇ ಕೆಲಸ.

ಇನ್ನು ಗಂಡ. ಇವರ ವಿಷಯದಲ್ಲಿ ನೀವು ಕಂಪ್ಯೂಟರ್‌ನವರಿಗಿಂತ ಮುಂದಿದ್ದೀರಿ. ಎಂಸಿವಿ 66 ಇದ್ದು ಎಚ್‌ಬಿ ಎ2 3.4 ಅಂದರೆ ನಿಮಗೆ ಅನುಮಾನ ಬರಲೇಬೇಕು. ಕಬ್ಬಿಣಾಂಶ ಕಡಿಮೆ ಇದ್ದರೆ ಎಂಸಿವಿ ಇಳಿಯುತ್ತದೆ, ಜೊತೆಗೆ ಕ್ಯಾರಿಯರ್‌ಗಳಲ್ಲಿ ಎಚ್‌ಬಿ ಎ2 ಕೂಡ ಸ್ವಲ್ಪ ತಗ್ಗಿ ಗೆರೆಯ ಈಚೆಗೆ ಬಂದು ಕೂರಬಹುದು. ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ನೋಡಿದಿರಾ ಅಂತ ಕೇಳುವುದು ಬಯಾಲಜಿಯ ಕೆಲಸ. ಇವರ ವಿಸಿಎಫ್‌ನಲ್ಲಿ ಆ ಸಾಲು ಇಲ್ಲ ಅಂತಿಟ್ಟುಕೊಳ್ಳಿ. ಸಾಲು ಇಲ್ಲದಿರುವುದಕ್ಕೆ ಎರಡು ಅರ್ಥ ಇದೆ. ಒಂದು, ನೋಡಿದೆವು, ಬದಲಾವಣೆ ಇಲ್ಲ. ಇನ್ನೊಂದು, ನೋಡೇ ಇಲ್ಲ. ವಿಸಿಎಫ್‌ನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಯಾವುದು ಅಂತ ತಿಳಿಯಲು ಮೆಷಿನ್ ಓದಿದ ತುಣುಕುಗಳೆಲ್ಲ ಇರುವ, ಅದರ ಹಿಂದಿನ ಬ್ಯಾಮ್ ಫೈಲಿಗೆ ಹೋಗಬೇಕು:

```
samtools depth -a -r chr11:5226925-5226925 sample.bam
```

42 ಅಂತ ಬಂದರೆ ನೋಡಿದ್ದಾರೆ. 0 ಅಂತ ಬಂದರೆ ಆ ಜಾಗವನ್ನು ಮೆಷಿನ್ ಒಂದು ಸಲವೂ ಓದಿಲ್ಲ, "ನಾರ್ಮಲ್" ಅಂತ ಬರೆದದ್ದು ಬರೀ ಊಹೆ. ಆ `-a` ಮರೆಯಬೇಡಿ. ಅದಿಲ್ಲದಿದ್ದರೆ ಸೊನ್ನೆ ಇರುವ ಜಾಗವನ್ನು ಪ್ರೋಗ್ರಾಂ ತೋರಿಸುವುದೇ ಇಲ್ಲ. ಇಬ್ಬರೂ ಕ್ಯಾರಿಯರ್ ಆಗಿದ್ದರೆ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹತ್ತು ವಾರ ಅಂದರೆ ಗರ್ಭದ ಪರೀಕ್ಷೆಗೆ ಸಮಯ ಹತ್ತಿರ ಬಂದಿದೆ. ಸೊನ್ನೆಗೂ ನಾರ್ಮಲ್‌ಗೂ ಇರುವ ವ್ಯತ್ಯಾಸ ಆ ಮನೆಯವರಿಗೆ ಎಷ್ಟು ದೊಡ್ಡದು ಅಂತ ನಾನು ಹೇಳಬೇಕಿಲ್ಲ.

ನಾನೂ ಬಯಾಲಜಿಯಿಂದಲೇ ಈ ಕಡೆ ಬಂದದ್ದು. ಮೊದಲ ವರ್ಷವೇ ಒಂದು ಎಡವಟ್ಟು ಮಾಡಿದೆ. ಜಾಗದ ಹೆಸರು ಬೇಡ. ಥಲಸ್ಸೀಮಿಯಾ ಕುಟುಂಬಗಳ ಒಂದು ಕಂತು ಸ್ಯಾಂಪಲ್ ಬಂದಿತ್ತು. ಹಳೆಯ ಪ್ರಬಂಧಗಳಿಂದ ಬದಲಾವಣೆಗಳ ಜಾಗದ ನಂಬರ್‌ಗಳನ್ನು ಪಟ್ಟಿ ಮಾಡಿ, ಫೈಲುಗಳಲ್ಲಿ ಹುಡುಕಿದೆ. ಒಂದೂ ಹೊಂದಲಿಲ್ಲ. ಪಕ್ಕದ ಮೇಜಿನ ಪ್ರೋಗ್ರಾಮರ್ ಕೋಡ್ ನೋಡಿ, "ಎಲ್ಲ ಸರಿ ಇದೆ, ಎರರ್ ಇಲ್ಲ, ಹಾಗಾದರೆ ಕ್ಯಾರಿಯರ್ ಯಾರೂ ಇಲ್ಲ ಅಂತ ಅರ್ಥ" ಅಂದರು. ಕೋಡ್ ನಿಜಕ್ಕೂ ಸರಿ ಇತ್ತು. ಆದರೆ ಅವರೆಲ್ಲ ಬಂದಿದ್ದೇ ಎಚ್‌ಬಿ ಎ2 ಜಾಸ್ತಿ ಇದೆ ಅಂತ. ಸೊನ್ನೆ ಬರಲು ಸಾಧ್ಯವೇ ಇರಲಿಲ್ಲ.

ಕಾರಣ ಸಿಕ್ಕಿದ್ದು ಎರಡು ದಿನದ ಮೇಲೆ. ಮನುಷ್ಯರ ಜೀನೋಮ್‌ನ ಮಾದರಿ ನಕ್ಷೆಗೆ ಆವೃತ್ತಿಗಳಿವೆ. ಹಳೆಯದು `hg19`, ಆಮೇಲಿನದು `hg38`. ಐವಿಎಸ್ ಒನ್-ಫೈವ್ ಹಳೆಯ ನಕ್ಷೆಯಲ್ಲಿ 5248155ರಲ್ಲಿ ಇದೆ, ಹೊಸದರಲ್ಲಿ 5226925ರಲ್ಲಿ. ಅದೇ ಜೀನ್, ಅದೇ ಅಕ್ಷರ, ನಡುವೆ 21,230 ಅಕ್ಷರದ ವ್ಯತ್ಯಾಸ. ನಾನು ಹಳೆಯ ವಿಳಾಸ ಹಿಡಿದು ಹೊಸ ಬಡಾವಣೆಯಲ್ಲಿ ಮನೆ ಹುಡುಕುತ್ತಿದ್ದೆ. ಈಗ ಯಾವ ಫೈಲು ಕೈಗೆ ಬಂದರೂ ಮೊದಲು ಇದನ್ನೇ ನೋಡುತ್ತೇನೆ:

```
bcftools view -h sample.vcf.gz | grep "ID=chr11,"
```

ಉದ್ದ 135086622 ಅಂತಿದ್ದರೆ `hg38`, 135006516 ಅಂತಿದ್ದರೆ `hg19`. ಏನೂ ಬರಲಿಲ್ಲವೋ, ಆ ಫೈಲಿನಲ್ಲಿ ಹೆಸರು `chr11` ಅಲ್ಲ, ಬರೀ `11` ಇರಬಹುದು. ಆಗ ಮೇಲಿನ `bcftools` ಕಮಾಂಡ್‌ಗಳು ಮತ್ತೆ ಮೌನವಾಗಿ ಖಾಲಿ ಕೈ ತೋರಿಸುತ್ತವೆ. ಈ ಕ್ಷೇತ್ರದ ದೊಡ್ಡ ತಲೆನೋವೇ ಇದು. ತಪ್ಪಾದಾಗ ಬಹಳಷ್ಟು ಸಲ ಯಾವುದೂ ಕೂಗುವುದಿಲ್ಲ.

ನಿಮ್ಮ ಭಯಕ್ಕೆ ಉತ್ತರವೂ ಇದರಲ್ಲೇ ಇದೆ ಅಂದುಕೊಂಡಿದ್ದೇನೆ. ಆ ಸಲ ನನ್ನನ್ನು ಉಳಿಸಿದ್ದು ಬಯಾಲಜಿ. ಕೋಡ್ ಬಲ್ಲವರು ಪಕ್ಕದಲ್ಲೇ ಇದ್ದರು, ಆದರೂ "ಇದು ಸಾಧ್ಯವಿಲ್ಲ" ಅನ್ನಲು ಅವರಿಗೆ ಆಧಾರ ಇರಲಿಲ್ಲ. ಒಂದು ದೋಣಿಯಲ್ಲಿ ಗಟ್ಟಿಯಾಗಿ ಕೂತುಕೊಳ್ಳಿ, ಇನ್ನೊಂದಕ್ಕೆ ಹಗ್ಗ ಕಟ್ಟಿಕೊಳ್ಳಿ, ಅಷ್ಟೇ. ನಿಮ್ಮದು ಹಿಮೋಗ್ಲೋಬಿನ್ ದೋಣಿ. ಅಣ್ಣನಷ್ಟು ಪ್ರೋಗ್ರಾಮಿಂಗ್ ನಿಮಗೆ ಬೇಡ. ಲಿನಕ್ಸ್‌ನಲ್ಲಿ ಫೈಲು ತೆರೆದು ಹುಡುಕುವುದು, ಮೇಲೆ ತೋರಿಸಿದ ಎರಡು ಪ್ರೋಗ್ರಾಂಗಳನ್ನು ಬಳಸುವುದು, ಟೇಬಲ್‌ಗಳನ್ನು ಜೋಡಿಸುವಷ್ಟು ಪೈಥಾನ್, ಐಜಿವಿಯಲ್ಲಿ ತುಣುಕುಗಳನ್ನು ಕಣ್ಣಾರೆ ನೋಡುವುದು. ಈ ಪ್ರೋಗ್ರಾಂಗಳೆಲ್ಲ ಉಚಿತ. ಕೆಲಸ ಬಿಡದೆ, ದಿನಾ ಸಂಜೆ ಒಂದೂವರೆ ಗಂಟೆ ಕೂತರೆ ಎಂಟು ತಿಂಗಳಲ್ಲಿ ಕೈ ಕುದುರುತ್ತದೆ. ಲಿನಕ್ಸ್ ಇನ್‌ಸ್ಟಾಲ್ ಮಾಡುವಾಗ ಮಾತ್ರ ಅಣ್ಣನನ್ನು ಒಂದು ಭಾನುವಾರ ಕೂರಿಸಿಕೊಳ್ಳಿ. ಒಬ್ಬರೇ ಮಾಡಹೋದರೆ ಮೊದಲ ವಾರವೇ ಬೇಜಾರು ಹಿಡಿಯುತ್ತದೆ.

ಅಭ್ಯಾಸಕ್ಕೆ ನಿಮ್ಮ ಲ್ಯಾಬ್‌ನ ರೋಗಿಗಳ ಡೇಟಾ ಮನೆಗೆ ತರಬೇಡಿ, ಹೆಸರು ಅಳಿಸಿ ಕೂಡ ಬೇಡ. ಅದರ ಅಗತ್ಯವೂ ಇಲ್ಲ. 1000 ಜೀನೋಮ್ಸ್ ಯೋಜನೆಯ ಡೇಟಾ ಎಲ್ಲರಿಗೂ ತೆರೆದಿದೆ. ಅದರಲ್ಲಿ ದಕ್ಷಿಣ ಏಷ್ಯಾದ ಐದು ಗುಂಪುಗಳಿವೆ: ಹ್ಯೂಸ್ಟನ್‌ನ ಗುಜರಾತಿಗಳು, ಲಾಹೋರಿನ ಪಂಜಾಬಿಗಳು, ಬಾಂಗ್ಲಾದ ಬಂಗಾಳಿಗಳು, ಬ್ರಿಟನ್‌ನಲ್ಲಿರುವ ತೆಲುಗರು ಮತ್ತು ಶ್ರೀಲಂಕಾ ತಮಿಳರು. ಕನ್ನಡದವರು ಅಂತ ಬೇರೆ ಗುಂಪಿಲ್ಲ, ಏನು ಮಾಡೋಣ. ಇಡೀ ಡೇಟಾ ಇಳಿಸಿಕೊಳ್ಳಲು ಹೋಗಬೇಡಿ, ಲ್ಯಾಪ್‌ಟಾಪ್ ಕೂತುಬಿಡುತ್ತದೆ. `bcftools`ಗೆ ಫೈಲಿನ ಹೆಸರಿನ ಜಾಗದಲ್ಲಿ ಇಂಟರ್ನೆಟ್ ವಿಳಾಸ ಕೊಟ್ಟರೂ ನಡೆಯುತ್ತದೆ. ಬೀಟಾ ಜೀನ್‌ನಷ್ಟು ತುಂಡನ್ನು ಮಾತ್ರ ತಂದುಕೊಳ್ಳಿ.

ಆ ತುಂಡಿನಲ್ಲಿ ಗುಂಪುವಾರು ಏನೇನು ಬದಲಾವಣೆ ಇದೆ ನೋಡಿ. ಪ್ರತಿಯೊಂದನ್ನೂ ಕ್ಲಿನ್‌ವಾರ್‌ನಲ್ಲಿ ಹುಡುಕಿ. ಮತ್ತೆ ಮೇಲೆ ಹೇಳಿದ ಫಿಲ್ಟರ್ ಹಾಕಿ, ಏನು ಉಳಿಯಿತು, ಏನು ಹೋಯಿತು, ಹೋದದ್ದರಲ್ಲಿ ಹೋಗಬಾರದ್ದು ಯಾವುದು ಅಂತ ಬರೆದಿಡಿ. ಅದು ಮುಗಿದ ಮೇಲೆ ಆಲ್ಫಾ ಥಲಸ್ಸೀಮಿಯಾಕ್ಕೆ ಹೋಗಿ, ಆದರೆ ಅದು ಕಷ್ಟದ್ದು. ಆಲ್ಫಾದ ಎರಡು ಜೀನ್‌ಗಳು ಒಂದಕ್ಕೊಂದು ಎಷ್ಟು ಹೋಲುತ್ತವೆ ಅಂದರೆ ಸಣ್ಣ ತುಣುಕು ಯಾವುದರದ್ದು ಅಂತ ಪ್ರೋಗ್ರಾಂಗೂ ಗೊತ್ತಾಗುವುದಿಲ್ಲ. ಅಲ್ಲಿ ರೋಗ ತರುವುದು ಹೆಚ್ಚಾಗಿ ಸಾವಿರಾರು ಅಕ್ಷರಗಳೇ ಅಳಿಸಿಹೋಗುವುದರಿಂದ, ಮಾಮೂಲಿ ವಿಸಿಎಫ್‌ನಲ್ಲಿ ಅದು ಕಾಣುವುದೂ ಕಷ್ಟ. ಅದರ ಮೇಲೆ ಹೆಸರಿನ ಗೊಂದಲ ಬೇರೆ. `HBA2` ಅಂದರೆ ಆಲ್ಫಾ ಜೀನ್. ನಿಮ್ಮ ಎಚ್‌ಬಿ ಎ2 ಅಂದರೆ ಎರಡು ಆಲ್ಫಾ, ಎರಡು ಡೆಲ್ಟಾ ಸೇರಿದ ಹಿಮೋಗ್ಲೋಬಿನ್. ಬರೀ ಕಂಪ್ಯೂಟರ್ ಕಡೆಯವರು ಇವೆರಡನ್ನು ಒಂದೇ ಅಂದುಕೊಂಡು ಟೇಬಲ್ ಜೋಡಿಸಿದ್ದನ್ನು ನಾನು ನೋಡಿದ್ದೇನೆ. ನೀವು ಆ ತಪ್ಪು ಮಾಡುವುದಿಲ್ಲ, ಅಲ್ವಾ?

ಈಗ ಸಿಹಿಯಲ್ಲದ ಮಾತು. ಇಂಥ ಕೆಲಸಕ್ಕೆ ವೇರಿಯಂಟ್ ಅನಾಲಿಸ್ಟ್, ಬಯೋಇನ್ಫರ್ಮ್ಯಾಟಿಕ್ಸ್ ಅನಾಲಿಸ್ಟ್ ಅಂತೆಲ್ಲ ಹೆಸರಿದೆ. ಹುದ್ದೆಗಳು ಬೆಂಗಳೂರು, ಹೈದರಾಬಾದ್, ಚೆನ್ನೈ, ದೆಹಲಿಯಂಥ ಕಡೆ ಇವೆ, ದಾವಣಗೆರೆಯಲ್ಲಿ ಸದ್ಯಕ್ಕೆ ಹುಡುಕಬೇಡಿ. ಅಪರೂಪದ ಕೆಲಸಕ್ಕೆ ಕರೆಯುವವರೂ ಅಪರೂಪ. ಅಣ್ಣನ ಥರ ಆರು ತಿಂಗಳಿಗೊಮ್ಮೆ ಕಂಪನಿ ಬದಲಿಸುವ ಆಟ ಇಲ್ಲಿ ನಡೆಯುವುದಿಲ್ಲ. ಇನ್ನೊಂದು, ರಿಪೋರ್ಟ್‌ಗೆ ಕೊನೆಯ ಸಹಿ ಸಾಮಾನ್ಯವಾಗಿ ಡಾಕ್ಟರದ್ದು ಅಥವಾ ಪಿಎಚ್.ಡಿ. ಆದವರದ್ದು. ಎಂ.ಎಸ್ಸಿ.ಯಲ್ಲೇ ನಿಂತರೆ ಕೆಲವು ವರ್ಷಕ್ಕೆ ತಲೆ ಮೇಲಿನ ಸೂರಿಗೆ ತಗಲುತ್ತದೆ. ಆಗ ಪಿಎಚ್.ಡಿ.ಗೆ ಹೋಗಬೇಕೋ, ಫಿಲ್ಟರ್ ಮತ್ತು ಪೈಪ್‌ಲೈನ್ ಕಟ್ಟುವ ಕಡೆಗೆ ಹೊರಳಬೇಕೋ ಅಂತ ಆಗ ಯೋಚಿಸಿದರೆ ಸಾಕು. ಎಂಟು ತಿಂಗಳ ಮೇಲೂ ಆಸಕ್ತಿ ಉಳಿದಿದ್ದರೆ, ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ಐಬಿಎಬಿಯಂಥ ಸಂಸ್ಥೆಗಳ ಪೂರ್ಣಾವಧಿ ಕೋರ್ಸ್‌ಗಳನ್ನು ವಿಚಾರಿಸಿ. ಆ ಒಂದೂವರೆ ಲಕ್ಷ ಆಗ ಉಪಯೋಗಕ್ಕೆ ಬರುತ್ತದೆ.

ಅಲ್ಲಿಯವರೆಗೆ ಲ್ಯಾಬ್‌ನಲ್ಲಿ ಒಂದು ಅಭ್ಯಾಸ ಮಾಡಿಕೊಳ್ಳಿ. ಎಚ್‌ಪಿಎಲ್‌ಸಿ ಒಂದು ಹೇಳಿ, ಹೊರಗಿನಿಂದ ಬಂದ ಡಿಎನ್‌ಎ ರಿಪೋರ್ಟ್ ಇನ್ನೊಂದು ಹೇಳುವ ಕೇಸ್ ಬಂದಾಗ ಡಾಕ್ಟರ ಒಪ್ಪಿಗೆ ಪಡೆದು ಕಾರಣ ಹುಡುಕಿ. ಕೆಲವು ಸಲ ತಪ್ಪು ನಮ್ಮ ಕಡೆಯದ್ದೇ ಆಗಿರುತ್ತದೆ. ಮಗುವಿಗೆ ಹದಿನೈದು ದಿನದ ಹಿಂದೆ ರಕ್ತ ಹಾಕಿಸಿರುತ್ತಾರೆ, ಮೆಷಿನ್ ಅಳೆಯುವುದು ದಾನಿಯ ಹಿಮೋಗ್ಲೋಬಿನ್ನನ್ನೂ ಸೇರಿಸಿ. ಫಾರಂನಲ್ಲಿ ಆ ಕಾಲಂ ಖಾಲಿ ಬಿಟ್ಟಿರುತ್ತಾರೆ.

ಕೆಲಸಕ್ಕೆ ಅರ್ಜಿ ಹಾಕುವಾಗ ಸರ್ಟಿಫಿಕೇಟ್‌ಗಳ ಜೊತೆಗೆ ಆ ಬೀಟಾ ಜೀನ್ ಅಭ್ಯಾಸವನ್ನು ಎರಡು ಪುಟದಲ್ಲಿ ಬರೆದು ಕಳಿಸಿ. ಸೊನ್ನೆ ಬಂದ ಕಡೆ ಅದು ನಿಜವಾದ ಸೊನ್ನೆಯೋ, ನೋಡದೆ ಬಂದ ಸೊನ್ನೆಯೋ ಅಂತ ಹೇಗೆ ಪರೀಕ್ಷಿಸಿದಿರಿ ಅನ್ನುವುದು ಅದರಲ್ಲಿ ಇರಲಿ. ನಾನು ಇಂಟರ್‌ವ್ಯೂಗೆ ಕೂತಾಗ ಮೊದಲು ತಿರುಗಿಸಿ ನೋಡುವುದು ಆ ಪುಟವನ್ನೇ.